ಇಂಗ್ಲೆಂಡ್ 37 ಲಕ್ಷ, ಜರ್ಮನಿ 12 ಲಕ್ಷ: ವಿದೇಶಿ ಓದಿನ ಖರ್ಚನ್ನು ರೂಪಾಯಿಯಲ್ಲಿ ಹೋಲಿಸುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಕಲಬುರಗಿ. ಮಗಳು ಇಲ್ಲೇ ಬಿಇ ಮುಗಿಸಿದ್ದಾಳೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ವರ್ಷದ ಎಂಎಸ್‌ಸಿಗೆ ಸೀಟು ಸಿಕ್ಕಿದೆ, ಫೀ 21,000 ಪೌಂಡ್. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲೂ ಸಿಕ್ಕಿದೆ, ಅದು ಎರಡು ವರ್ಷದ್ದು, ಫೀಯೇ ಇಲ್ಲ ಅಂತಾರೆ. ಏಜೆಂಟರು ಬರೆದು ಕೊಟ್ಟ ಚೀಟಿಯಲ್ಲಿ ವರ್ಷಕ್ಕೆ ಇಂಗ್ಲೆಂಡ್ 37 ಲಕ್ಷ, ಜರ್ಮನಿ 12.26 ಲಕ್ಷ ಅಂತಿದೆ. ನನ್ನ ಕೈಯಲ್ಲಿ 15 ಲಕ್ಷ ಇದೆ, ಉಳಿದದ್ದು ಸಾಲ. ಹೊಲದ ತೊಗರಿ ದುಡ್ಡು ಸ್ವಲ್ಪ ಬರುತ್ತೆ. ಈ ಲೆಕ್ಕ ನಂಬಬಹುದಾ? ನಾವೇ ರೂಪಾಯಿಗೆ ಹಾಕಿ ನೋಡೋದು ಹೇಗೆ?

ಉತ್ತರ: ಚೀಟಿಯಲ್ಲಿರುವ ಗುಣಾಕಾರ ಸರಿಯಾಗಿಯೇ ಇದೆ. ತಪ್ಪಿರೋದು ಯಾವುದನ್ನು ಗುಣಿಸಿದ್ದಾರೆ ಅನ್ನೋದರಲ್ಲಿ. ಹಾಗಾಗಿ ಮೊದಲು ಆ ಎರಡು ಅಂಕಿಗಳನ್ನು ಬಿಚ್ಚಿ ನೋಡೋಣ.

ಇಂಗ್ಲೆಂಡಿನ ವಿದ್ಯಾರ್ಥಿ ವೀಸಾ ನಿಯಮದ ಪ್ರಕಾರ, ಲಂಡನ್ ಹೊರಗೆ ಓದುವವರು ಫೀ ಜೊತೆಗೆ ತಿಂಗಳಿಗೆ 1,171 ಪೌಂಡ್‌ನಂತೆ 9 ತಿಂಗಳ ಹಣ ತೋರಿಸಬೇಕು. 2025ರ ನವೆಂಬರ್‌ನಿಂದ ಈ ಮೊತ್ತ. ಒಟ್ಟು 10,539 ಪೌಂಡ್ ಆಯಿತು. ಇದಕ್ಕೆ 21,000 ಫೀ ಸೇರಿಸಿ, 117.50 ರೂಪಾಯಿ ದರದಲ್ಲಿ ಗುಣಿಸಿದರೆ 37.06 ಲಕ್ಷ. ಜರ್ಮನಿಯದ್ದು ಇನ್ನೂ ಸರಳ. ಅಲ್ಲಿ ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅದನ್ನು 103ರಿಂದ ಗುಣಿಸಿದರೆ 12.26 ಲಕ್ಷ. ನಿಮ್ಮ ಚೀಟಿ ಇಷ್ಟೇ.

ಅಂದರೆ ಎರಡೂ ಕಡೆ ಜೀವನದ ಖರ್ಚು ಅಂತ ಬರೆದಿರೋದು ವೀಸಾ ಅಧಿಕಾರಿ ಕೇಳುವ ಕನಿಷ್ಠ ಮೊತ್ತ. ಅಲ್ಲಿ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅನ್ನೋದು ಬೇರೆಯೇ ಪ್ರಶ್ನೆ. ಇಂಗ್ಲೆಂಡಿನ ನಿಯಮ 9 ತಿಂಗಳಿಗೆ ನಿಲ್ಲುತ್ತದೆ. ನಿಮ್ಮ ಮಗಳ ಕೋರ್ಸ್ 12 ತಿಂಗಳದ್ದು. ಉಳಿದ 3 ತಿಂಗಳು ಅವಳು ಊಟ ಮಾಡೋದು ಬೇಡವಾ? ಜರ್ಮನಿಯ ಅಂಕಿಯಲ್ಲಿ ಎರಡು ವರ್ಷದ ಪೈಕಿ ಒಂದೇ ವರ್ಷ ಇದೆ. ಫೀ ಸೊನ್ನೆ ಅಂತ ಹಿಡಿದಿದ್ದಾರೆ, ಅದೂ ನಿಮ್ಮ ವಿಷಯದಲ್ಲಿ ಸರಿಯಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ಲಾಕ್ಡ್ ಅಕೌಂಟ್ ಬಗ್ಗೆ ಒಂದು ಮಾತು. ಆ ದುಡ್ಡು ಯಾರಿಗೂ ಕಟ್ಟುವ ಶುಲ್ಕ ಅಲ್ಲ, ನಿಮ್ಮ ಮಗಳದ್ದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಖಾತೆಗೆ ಬಿಡುತ್ತಾರೆ. ಕೆಲವು ಮನೆಗಳಲ್ಲಿ ಇದನ್ನೊಂದು ಸಾಲು ಬರೆದು, ಕೆಳಗೆ ಮತ್ತೆ ಬಾಡಿಗೆ, ಊಟ ಅಂತ ಇನ್ನೊಂದು ಸಾಲು ಬರೆದು ಎರಡನ್ನೂ ಕೂಡಿಸುತ್ತಾರೆ. ಆಗ ಜರ್ಮನಿ ಸುಮ್ನೆ 12 ಲಕ್ಷ ದುಬಾರಿ ಕಾಣುತ್ತದೆ. ನಿಮ್ಮ ಚೀಟಿಯಲ್ಲಿ ಆಗಿರೋದು ಇದರ ಉಲ್ಟಾ ತಪ್ಪು.

ಈಗ ಸರಿಯಾದ ಲೆಕ್ಕ. ಒಂದು ದೊಡ್ಡ ಹಾಳೆ ತಗೊಳ್ಳಿ. ಮೊದಲು ರೂಪಾಯಿಗೆ ಹೋಗಬೇಡಿ. ಎಲ್ಲವನ್ನೂ ಅಲ್ಲಿನ ಹಣದಲ್ಲೇ ಬರೆಯಿರಿ. ಪೂರ್ತಿ ಕೋರ್ಸಿನ ಫೀ ಒಂದು ಕಡೆ, ತಿಂಗಳ ಖರ್ಚು ಮತ್ತು ತಿಂಗಳುಗಳ ಸಂಖ್ಯೆ ಇನ್ನೊಂದು ಕಡೆ, ಒಂದೇ ಸಲ ಆಗುವ ಖರ್ಚು ಮತ್ತೊಂದು ಕಡೆ. ವಿನಿಮಯ ದರ ಹಾಕೋದು ಕೊನೆಗೆ. ಹೀಗೆ ಮಾಡಿದರೆ ನಾಳೆ ಪೌಂಡ್ ಮೂರು ರೂಪಾಯಿ ಏರಿದರೂ ಒಂದೇ ಅಂಕಿ ತಿದ್ದಿದರೆ ಸಾಕು.

ಫೀಯಿಂದ ಶುರು ಮಾಡೋಣ. ಲೆಸ್ಟರ್‌ದು 21,000 ಪೌಂಡ್, ಅದರಲ್ಲಿ ಗೊಂದಲ ಇಲ್ಲ. ಸ್ಟುಟ್‌ಗಾರ್ಟ್ ಇರೋದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀ ಇಲ್ಲ ಅನ್ನೋದು ನಿಜ. ಆದರೆ ಈ ಒಂದು ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ನಾಲ್ಕು ಸೆಮಿಸ್ಟರಿಗೆ 6,000. ಇದಲ್ಲದೆ ಸೆಮಿಸ್ಟರ್ ವಂತಿಗೆ ಅಂತ ಒಂದಿದೆ, ಅದು ಜರ್ಮನಿಯ ಎಲ್ಲಾ ಕಡೆಯೂ ಇರುತ್ತದೆ. ಸುಮಾರು 200 ಯೂರೋ ಹಿಡಿಯೋಣ. ಒಟ್ಟು 6,800 ಯೂರೋ. ಪಕ್ಕದ ಬವೇರಿಯಾದಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊರಗಿನವರಿಗೆ ಫೀ ಹಾಕಿದೆ. ಅದಕ್ಕೇ ‘ಜರ್ಮನಿಯಲ್ಲಿ ಫೀ ಇಲ್ಲ’ ಅಂತ ದೇಶದ ಹೆಸರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ವಿಶ್ವವಿದ್ಯಾಲಯದ ಪ್ರವೇಶ ಪತ್ರದಲ್ಲಿ ಏನಿದೆ ಅಂತ ನೋಡಿ.

ಆಮೇಲೆ ತಿಂಗಳ ಖರ್ಚು. ಇಲ್ಲೇ ಲೆಕ್ಕ ಜಾಸ್ತಿ ಹಳಿ ತಪ್ಪೋದು.

ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಕೋಣೆಗಳ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ. ವಾರಕ್ಕೆ 140 ಪೌಂಡ್ ಅಂದ ಕೂಡಲೇ ನಮ್ಮವರು ನಾಲ್ಕರಿಂದ ಗುಣಿಸಿ ತಿಂಗಳಿಗೆ 560 ಅಂತ ಬರೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ವರ್ಷಕ್ಕೆ 48 ವಾರ ಆಯಿತು. ವರ್ಷದಲ್ಲಿ ಇರೋದು 52 ವಾರ. ಬಿಟ್ಟುಹೋದ ನಾಲ್ಕು ವಾರದ ಬಾಡಿಗೆ 560 ಪೌಂಡ್, ನಮ್ಮ ದುಡ್ಡಿನಲ್ಲಿ 67,000 ರೂಪಾಯಿ! ಸರಿಯಾದ ತಿಂಗಳ ಬಾಡಿಗೆ ಬೇಕಾದರೆ ವಾರದ ಬಾಡಿಗೆಯನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿ. 607 ಪೌಂಡ್ ಬರುತ್ತದೆ. ಹಾಗೇ ಕರಾರು ಎಷ್ಟು ವಾರದ್ದು ಅಂತಲೂ ಕೇಳಿ. 44 ವಾರದ ಕರಾರು ಅಗ್ಗ ಕಾಣುತ್ತದೆ. ಆದರೆ ಬೇಸಿಗೆಯಲ್ಲಿ ಪ್ರಬಂಧ ಬರೆಯುವ ಹೊತ್ತಿಗೆ ಕೋಣೆ ಖಾಲಿ ಮಾಡಬೇಕಾಗುತ್ತದೆ.

ಕೋಣೆಗೆ 607, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 180, ಬಸ್ಸಿಗೆ 55, ಫೋನ್, ಬಟ್ಟೆ, ಔಷಧ, ಇತರೆ ಸೇರಿ 108. ಒಟ್ಟು ತಿಂಗಳಿಗೆ 950 ಪೌಂಡ್ ಅಂತ ಹಿಡಿದಿದ್ದೇನೆ. ವೀಸಾದ 1,171ಕ್ಕಿಂತ ಇದು ಕಮ್ಮಿ. ಆದರೆ 12 ತಿಂಗಳಿಗೆ ಗುಣಿಸಿದರೆ 11,400 ಆಗಿ, ಚೀಟಿಯ 10,539ನ್ನು ದಾಟಿಬಿಡುತ್ತದೆ.

ಜರ್ಮನಿಯಲ್ಲಿ ಬಾಡಿಗೆ ತಿಂಗಳ ಲೆಕ್ಕದ್ದೇ. ಅಲ್ಲಿನ ತೊಡಕು ಬೇರೆ. ಜಾಹೀರಾತಿನಲ್ಲಿ ‘ಕಾಲ್ಟ್‌ಮೀಟೆ’ ಅಂತಿದ್ದರೆ ಅದು ಬರೀ ಕೋಣೆಯ ಬಾಡಿಗೆ. ‘ವಾರ್ಮ್‌ಮೀಟೆ’ ಅಂತಿದ್ದರೆ ಹೀಟಿಂಗ್, ನೀರು, ಕಸ ಇವೆಲ್ಲ ಸೇರಿದ್ದು. ಯಾವಾಗಲೂ ಎರಡನೆಯದನ್ನೇ ಬರೆದುಕೊಳ್ಳಿ. ಸ್ಟುಟ್‌ಗಾರ್ಟ್ ಅಲ್ಲಿನ ದುಬಾರಿ ಊರುಗಳಲ್ಲಿ ಒಂದು. ವಾರ್ಮ್‌ಮೀಟೆ 480, ಆರೋಗ್ಯ ವಿಮೆ 145, ಊಟ 220, ಓಡಾಟ 40, ಫೋನ್ ಇಂಟರ್ನೆಟ್ 25, ಉಳಿದದ್ದು 140. ಒಟ್ಟು 1,050 ಯೂರೋ. ‘ಉಳಿದದ್ದು’ ಅಂದದ್ದರಲ್ಲಿ ರೇಡಿಯೋ-ಟಿವಿ ಶುಲ್ಕವೂ ಇದೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಕೋಣೆ ಹಂಚಿಕೊಂಡವರು ಅದನ್ನೂ ಹಂಚಿಕೊಳ್ಳುತ್ತಾರೆ.

ಇವು ನಾನು ಹಾಕಿದ ಅಂದಾಜು. ನಿಮ್ಮ ಹಾಳೆಯಲ್ಲಿ ಅಲ್ಲೇ ಓದುತ್ತಿರುವ ಹುಡುಗಿಯರ ಅಂಕಿ ಹಾಕಿ. ‘ತಿಂಗಳಿಗೆ ಎಷ್ಟಾಗುತ್ತಮ್ಮ?’ ಅಂತ ಕೇಳಿದರೆ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ‘ಹೋದ ತಿಂಗಳು ಬಾಡಿಗೆ ಎಷ್ಟು ಕಟ್ಟಿದಿ? ವಿಮೆಗೆ ಎಷ್ಟು ಹೋಯಿತು?’ ಅಂತ ಒಂದೊಂದೇ ಕೇಳಿ.

ಒಂದೇ ಸಲದ ಖರ್ಚಿಗೆ ಬರೋಣ. ಇಂಗ್ಲೆಂಡಿನ ವಿದ್ಯಾರ್ಥಿ ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 524 ಪೌಂಡ್ ಆಯಿತು. ಅದಕ್ಕಿಂತ ದೊಡ್ಡದು ಆರೋಗ್ಯ ಸರ್‌ಚಾರ್ಜ್. ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸ್ ತಾನೇ ಅಂತ 776 ಬರೆದರೆ ತಪ್ಪಾಗುತ್ತದೆ. ವೀಸಾ ಕೋರ್ಸ್ ಮುಗಿದ ಮೇಲೂ ನಾಲ್ಕು ತಿಂಗಳು ಇರುತ್ತದೆ, ಆ ಹೆಚ್ಚುವರಿ ಭಾಗಕ್ಕೆ ಅರ್ಧ ವರ್ಷದ 388 ಪೌಂಡ್ ಸೇರುತ್ತದೆ. ಒಟ್ಟು 1,164. ವೀಸಾ ಶುಲ್ಕದ ಜೊತೆ 1,688 ಪೌಂಡ್. ಇದು ವಿಮಾನ ಹತ್ತುವ ಮೊದಲೇ, ಅರ್ಜಿ ಹಾಕುವಾಗಲೇ ಕೈಬಿಡುವ ದುಡ್ಡು. ಜರ್ಮನಿಯ ವೀಸಾ 75 ಯೂರೋ, ಅಲ್ಲಿ ವಾಸದ ಪರವಾನಗಿಗೆ ಸುಮಾರು 100 ಯೂರೋ, ಇಲ್ಲಿ ನಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಎರಡೂ ಕಡೆಗೆ ಹೈದರಾಬಾದಿನಿಂದ ವಿಮಾನ, ಚಳಿಯ ಬಟ್ಟೆ, ಭಾಷಾ ಪರೀಕ್ಷೆ, ವೀಸಾ ಕೆಲಸಕ್ಕೆ ಬೆಂಗಳೂರು ಓಡಾಟ ಇವಕ್ಕೆ 1.2 ಲಕ್ಷ ಹಿಡಿಯೋಣ. ಕೋಣೆಯ ಡಿಪಾಸಿಟ್ ವಾಪಸ್ ಬರುವ ದುಡ್ಡು, ಅದನ್ನು ಖರ್ಚಿಗೆ ಸೇರಿಸಬೇಡಿ. ಆದರೆ ಮೊದಲ ತಿಂಗಳು ಅದು ಕೈಯಲ್ಲಿ ಇರಲೇಬೇಕು.

ಇನ್ನು ದರ. ಮೊಬೈಲ್‌ನಲ್ಲಿ ಕಾಣುವ ದರಕ್ಕೆ ಯಾವ ಬ್ಯಾಂಕೂ ನಿಮಗೆ ಪೌಂಡ್ ಕೊಡೋದಿಲ್ಲ. ಅದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ, ಮಾರುವ ದರಗಳ ನಡುವಿನ ಅಂಕಿ. ಹೊರಗೆ ಹಣ ಕಳಿಸುವಾಗ ನಿಮಗೆ ಹತ್ತೋದು ಬ್ಯಾಂಕಿನ ‘ಟಿಟಿ ಸೆಲ್ಲಿಂಗ್’ ದರ. ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರರಷ್ಟು ಮೇಲಿರುತ್ತದೆ. ಅರ್ಧ ಫೀ 10,500 ಪೌಂಡ್ ಕಳಿಸುತ್ತೀರಿ ಅಂತಿಟ್ಟುಕೊಳ್ಳಿ. ಮೊಬೈಲ್ ದರ 117.50, ಬ್ಯಾಂಕಿನ ದರ 119.20. ಬ್ಯಾಂಕ್ ದರದಲ್ಲಿ 12,51,600 ರೂಪಾಯಿ. ಪರಿವರ್ತನೆಯ ಮೇಲಿನ ಜಿಎಸ್‌ಟಿ ಸುಮಾರು 1,035. ಈ ಜಿಎಸ್‌ಟಿಯನ್ನು ಪೂರ್ತಿ ಮೊತ್ತದ ಮೇಲೆ 18 ಪರ್ಸೆಂಟ್ ಅಂದುಕೊಂಡು ಕೆಲವರು ಗಾಬರಿ ಬೀಳುತ್ತಾರೆ. ಹಾಗಲ್ಲ, ಒಂದು ಸಣ್ಣ ಭಾಗದ ಮೇಲೆ ಮಾತ್ರ. ಸ್ವಿಫ್ಟ್ ಶುಲ್ಕ ಮತ್ತು ಮಧ್ಯದ ವಿದೇಶಿ ಬ್ಯಾಂಕಿನ ಶುಲ್ಕ ಸೇರಿ 2,700 ಅಂತ ಹಿಡಿದರೆ ಒಟ್ಟು 12,55,300 ದಾಟುತ್ತದೆ. 10,500ರಿಂದ ಭಾಗಿಸಿ ನೋಡಿ. ನಿಮಗೆ ಬಿದ್ದ ನಿಜವಾದ ದರ 119.55. ಮೊಬೈಲ್ ದರಕ್ಕಿಂತ ಈ ಒಂದೇ ಕಂತಿನಲ್ಲಿ 21,500 ರೂಪಾಯಿ ಹೆಚ್ಚು.

ಅದಕ್ಕೇ ಬ್ಯಾಂಕಿನಲ್ಲಿ ‘ದರ ಎಷ್ಟು?’ ಅಂತ ಮಾತ್ರ ಕೇಳಬೇಡಿ. ‘ವಿಶ್ವವಿದ್ಯಾಲಯಕ್ಕೆ ಪೂರ್ತಿ 10,500 ಪೌಂಡ್ ಮುಟ್ಟಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ಕಡಿತ ಆಗುತ್ತದೆ?’ ಅಂತ ಕೇಳಿ. ಪೂರ್ತಿ ಮುಟ್ಟಬೇಕು ಅನ್ನೋದನ್ನು ಒತ್ತಿ ಹೇಳಿ. ಮಧ್ಯದ ಬ್ಯಾಂಕ್ ಇಪ್ಪತ್ತು ಪೌಂಡ್ ಮುರಿದುಕೊಂಡರೂ ಅಲ್ಲಿ ಫೀ ಬಾಕಿ ಅಂತ ತೋರಿಸುತ್ತದೆ. ನಮ್ಮ ಕಡೆ ಎಲ್ಲಾ ಶಾಖೆಗಳಲ್ಲೂ ವಿದೇಶಿ ವಿನಿಮಯದ ಕೆಲಸ ನಡೆಯೋದಿಲ್ಲ. ಅರ್ಜಿ ದೊಡ್ಡ ಊರಿನ ಶಾಖೆಗೆ ಹೋಗಿ ಬರುತ್ತದೆ, ನಡುವೆ ಒಂದೆರಡು ದಿನ ಹೋಗಬಹುದು. ಹಣ ಹೊರಟ ದಿನದ ದರವೇ ಹತ್ತುತ್ತದೆ, ಅರ್ಜಿ ಕೊಟ್ಟ ದಿನದ್ದಲ್ಲ.

ಇದನ್ನೆಲ್ಲ ಸೇರಿಸಿ ನಾನು ಪೌಂಡಿಗೆ 120, ಯೂರೋಗೆ 105 ಹಿಡಿಯುತ್ತೇನೆ. ನೀವು ಓದುವ ದಿನದ ಬ್ಯಾಂಕ್ ದರ ಹಾಕಿಕೊಳ್ಳಿ, ವಿಧಾನ ಬದಲಾಗೋದಿಲ್ಲ.

ಲೆಸ್ಟರ್: ಫೀ 25.20 ಲಕ್ಷ, 12 ತಿಂಗಳ ಜೀವನ 13.68 ಲಕ್ಷ, ವೀಸಾ ಮತ್ತು ಸರ್‌ಚಾರ್ಜ್ 2.03 ಲಕ್ಷ, ಪ್ರಯಾಣ ಇತ್ಯಾದಿ 1.20 ಲಕ್ಷ. ಒಟ್ಟು 42.1 ಲಕ್ಷ.

ಸ್ಟುಟ್‌ಗಾರ್ಟ್: ಫೀ ಮತ್ತು ಸೆಮಿಸ್ಟರ್ ವಂತಿಗೆ 7.14 ಲಕ್ಷ, 24 ತಿಂಗಳ ಜೀವನ 26.46 ಲಕ್ಷ, ಒಂದೇ ಸಲದ್ದು 1.56 ಲಕ್ಷ. ಒಟ್ಟು 35.2 ಲಕ್ಷ.

ಇಲ್ಲಿ ಒಂದು ತಿದ್ದುಪಡಿ ಬೇಕು. ಸ್ಟುಟ್‌ಗಾರ್ಟ್‌ನ ಎರಡನೇ ವರ್ಷದ ಯೂರೋವನ್ನು ನೀವು ಮುಂದಿನ ವರ್ಷದ ದರಕ್ಕೆ ಕೊಳ್ಳುತ್ತೀರಿ. 2015ರಲ್ಲಿ ಡಾಲರ್ 64 ರೂಪಾಯಿ ಆಸುಪಾಸು ಇತ್ತು, 2025ರಲ್ಲಿ 85 ದಾಟಿತ್ತು. ಸರಾಸರಿ ವರ್ಷಕ್ಕೆ ನೂರಕ್ಕೆ ಮೂರರಷ್ಟು. ಯೂರೋ ಇಷ್ಟು ಸಾವಕಾಶ ಏರೋದಿಲ್ಲ, ಎಗರಾಡುತ್ತದೆ. 2022ರಲ್ಲಿ 80ರ ಹತ್ತಿರ ಇಳಿದಿದ್ದು 2025ರಲ್ಲಿ 100 ದಾಟಿತು. ನಾನು ಎರಡನೇ ವರ್ಷಕ್ಕೆ ನೂರಕ್ಕೆ 4 ಜಾಸ್ತಿ ಹಾಕುತ್ತೇನೆ. ಆ ವರ್ಷದ 16,000 ಯೂರೋಗೆ ಸುಮಾರು 67,000 ರೂಪಾಯಿ ಹೆಚ್ಚಾಗುತ್ತದೆ. ಒಟ್ಟು 35.8 ಲಕ್ಷ. ಒಂದು ವರ್ಷದ ಲೆಸ್ಟರ್‌ಗೆ ಈ ಅಪಾಯ ತೀರಾ ಕಮ್ಮಿ, ಯಾಕಂದರೆ ಬಹುಪಾಲು ದುಡ್ಡು ಮೊದಲ ಕೆಲವು ತಿಂಗಳಲ್ಲೇ ಹೋಗಿಬಿಡುತ್ತದೆ.

ಈಗ ‘ವರ್ಷಕ್ಕೆ ಎಷ್ಟು’ ಅನ್ನೋ ನಿಮ್ಮ ಪ್ರಶ್ನೆ. ಸ್ಟುಟ್‌ಗಾರ್ಟ್ ವರ್ಷಕ್ಕೆ 17.9 ಲಕ್ಷ, ಲೆಸ್ಟರ್ ವರ್ಷಕ್ಕೆ 42.1 ಲಕ್ಷ. ಅರ್ಧಕ್ಕಿಂತ ಕಮ್ಮಿ! ಆದರೆ ಒಂದು ಕಡೆ ಆ ದುಡ್ಡಿಗೆ ಪೂರ್ತಿ ಪದವಿ ಸಿಗುತ್ತದೆ, ಇನ್ನೊಂದು ಕಡೆ ಅರ್ಧ ಪದವಿ. ಪದವಿಯ ಲೆಕ್ಕದಲ್ಲಿ ವ್ಯತ್ಯಾಸ 6.3 ಲಕ್ಷ ಮಾತ್ರ. ವರ್ಷದ ಅಂಕಿ ನಿಮಗೆ ಬೇಕಾಗೋದು ದುಡ್ಡು ಹೊಂದಿಸೋದಕ್ಕೆ, ಯಾವ ತಿಂಗಳು ಎಷ್ಟು ಅಂತ ನೋಡೋದಕ್ಕೆ. ಯಾವುದು ಅಗ್ಗ ಅಂತ ತೀರ್ಮಾನ ಮಾಡೋದಕ್ಕೆ ಪದವಿಯ ಒಟ್ಟು ಅಂಕಿಯೇ ಬೇಕು. ಲೆಸ್ಟರ್ ಮುಗಿಸಿದವಳು ಒಂದು ವರ್ಷ ಮೊದಲೇ ಕೆಲಸಕ್ಕೆ ನಿಲ್ಲುತ್ತಾಳೆ. ಹೈದರಾಬಾದಿಗೆ ಬಂದು ವರ್ಷಕ್ಕೆ 5 ಲಕ್ಷದ ಕೆಲಸ ಹಿಡಿದರೂ ಆ ವ್ಯತ್ಯಾಸದ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಗಟ್ಟಿಯಾದದ್ದು. ಜರ್ಮನಿಯಲ್ಲಿ ಎರಡು ವರ್ಷದ ಮಾಸ್ಟರ್ಸ್ ಎಲ್ಲರಿಗೂ ಎರಡೇ ವರ್ಷಕ್ಕೆ ಮುಗಿಯೋದಿಲ್ಲ. ಒಂದು ಪರೀಕ್ಷೆ ಉಳಿದರೆ, ಪ್ರಬಂಧ ಶುರುವಾಗೋದು ತಡವಾದರೆ, ನಡುವೆ ಇಂಟರ್ನ್‌ಶಿಪ್ ಮಾಡಿದರೆ ಐದನೇ ಸೆಮಿಸ್ಟರ್ ಬರುತ್ತದೆ. ಆ ಆರು ತಿಂಗಳಿಗೆ ಫೀ, ವಂತಿಗೆ 1,700 ಮತ್ತು ಜೀವನಕ್ಕೆ 6,300, ಸೇರಿ 8,000 ಯೂರೋ. 109ರ ದರದಲ್ಲಿ 8.7 ಲಕ್ಷ. ಆಗ ಸ್ಟುಟ್‌ಗಾರ್ಟ್‌ನ ಒಟ್ಟು 44.5 ಲಕ್ಷ ಆಗಿ ಲೆಸ್ಟರ್‌ಗಿಂತ ದುಬಾರಿಯಾಗುತ್ತದೆ. ಅಂದರೆ ಇಡೀ ಹೋಲಿಕೆ ನಿಂತಿರೋದು ಅವಳು ನಾಲ್ಕು ಸೆಮಿಸ್ಟರಿಗೆ ಮುಗಿಸುತ್ತಾಳಾ ಅನ್ನೋದರ ಮೇಲೆ. ಆ ವಿಭಾಗಕ್ಕೇ ಇಮೇಲ್ ಬರೆದು, ವಿದೇಶಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಷ್ಟು ಸೆಮಿಸ್ಟರ್ ತೆಗೆದುಕೊಳ್ಳುತ್ತಾರೆ ಅಂತ ಕೇಳಲಿ. ಅಲ್ಲೇ ಇರುವ ಸೀನಿಯರ್‌ಗಳನ್ನೂ ಕೇಳಲಿ.

ಓದು ಮುಗಿದ ಮೇಲೆ ಕೆಲಸ ಹುಡುಕುತ್ತಾ ಅಲ್ಲೇ ಉಳಿದರೆ ಲೆಸ್ಟರ್‌ನಲ್ಲಿ ತಿಂಗಳಿಗೆ 950 ಪೌಂಡ್, ಸ್ಟುಟ್‌ಗಾರ್ಟ್‌ನಲ್ಲಿ ಹೊಸ ದರದಲ್ಲಿ 1,050 ಯೂರೋ. ಎರಡೂ ಹತ್ತಿರ ಹತ್ತಿರ 1.14 ಲಕ್ಷ ರೂಪಾಯಿ. ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ ಅಂತ ಈಗಲೇ ಮಾತಾಡಿಕೊಳ್ಳಿ.

ಪಾರ್ಟ್ ಟೈಮ್ ಕೆಲಸದ ಸಂಪಾದನೆಯನ್ನು ನಾನು ಬೇಕಂತಲೇ ಸೇರಿಸಿಲ್ಲ. ಇಂಗ್ಲೆಂಡಿನಲ್ಲಿ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಏಜೆಂಟರು ಇದನ್ನು ಗಂಟೆಯ ಕನಿಷ್ಠ ಕೂಲಿಗೆ ಗುಣಿಸಿ, ಖರ್ಚಿನಿಂದ ಕಳೆದು ತೋರಿಸುತ್ತಾರೆ. ಕೆಲಸ ಸಿಗುವ ಮೊದಲೇ ಅದನ್ನು ಕಳೆಯೋದು ಮಳೆಗಾಲಕ್ಕೆ ಮುಂಚೆಯೇ ತೊಗರಿಯ ದರಕ್ಕೆ ಸಾಲ ಎತ್ತಿದ ಹಾಗೆ. ಎರಡು ವರ್ಷದ ಕೋರ್ಸಿನಲ್ಲಿ ಭಾಷೆ ಕಲಿತು ಕೆಲಸ ಹಿಡಿಯೋದಕ್ಕೆ ಸಮಯ ಸಿಗುತ್ತದೆ, ಅದು ಸ್ಟುಟ್‌ಗಾರ್ಟ್‌ನ ನಿಜವಾದ ಅನುಕೂಲ. 12 ತಿಂಗಳ ಎಂಎಸ್‌ಸಿಯಲ್ಲಿ ಅಷ್ಟು ಬಿಡುವು ಇರೋದಿಲ್ಲ. ಬೇರೆ ಹಾಳೆಯಲ್ಲಿ ಬರೆದಿಡಿ, ಮುಖ್ಯ ಲೆಕ್ಕಕ್ಕೆ ತರಬೇಡಿ.

ಸಾಲದ ಬಡ್ಡಿಯೂ ರೂಪಾಯಿಯ ಖರ್ಚೇ. ನಿಮ್ಮ 15 ಲಕ್ಷ ಕಳೆದರೆ ಲೆಸ್ಟರ್‌ಗೆ 27 ಲಕ್ಷ ಸಾಲ, ಸ್ಟುಟ್‌ಗಾರ್ಟ್‌ಗೆ 21 ಲಕ್ಷ. ಬಡ್ಡಿ ನೂರಕ್ಕೆ 11 ಅಂತಿಟ್ಟುಕೊಂಡು, ಓದು ಮುಗಿದು ಆರು ತಿಂಗಳವರೆಗಿನ ಸರಳ ಬಡ್ಡಿ ನೋಡೋಣ. ಲೆಸ್ಟರ್‌ನಲ್ಲಿ ಸಾಲದ ಬಹುಭಾಗ ಮೊದಲೇ ಎತ್ತುತ್ತೀರಿ, ಆದರೆ ಅವಧಿ 18 ತಿಂಗಳು. ಸುಮಾರು 4 ಲಕ್ಷ ಬಡ್ಡಿ. ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ವರ್ಷ ನಿಮ್ಮ ಸ್ವಂತ ದುಡ್ಡೇ ಹೆಚ್ಚು ಓಡುತ್ತದೆ, ಸಾಲ ಮೂರೂವರೆ ಲಕ್ಷ ಸಾಕು. ಉಳಿದ ಹದಿನೇಳೂವರೆ ಲಕ್ಷ ಎರಡನೇ ವರ್ಷದ ಶುರುವಿನಲ್ಲಿ. ಆದರೆ ಒಟ್ಟು ಅವಧಿ 30 ತಿಂಗಳು. ಬಡ್ಡಿ ಅಲ್ಲೂ 3.9 ಲಕ್ಷ ಆಗುತ್ತದೆ. ಸಾಲ ಕಮ್ಮಿ ಇದ್ದರೂ ಬಡ್ಡಿ ಸಮ ಸಮ. ಇದನ್ನು ಎಣಿಸದೆ ‘ಜರ್ಮನಿಗೆ ಸಾಲ ಕಮ್ಮಿ, ಬಡ್ಡಿನೂ ಕಮ್ಮಿ’ ಅಂದುಕೊಳ್ಳೋದು ಸಹಜ, ಅಲ್ವಾ?

ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಸಿಎಸ್ ಬಗ್ಗೆ ಯಾರಾದರೂ ಹೆದರಿಸಿದ್ದರೆ ಚಿಂತೆ ಬೇಡ. ಬ್ಯಾಂಕಿನಿಂದ ತೆಗೆದ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಸ್ವಂತ ಹಣಕ್ಕೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಮೇಲಿನ ಭಾಗಕ್ಕೆ ಮಾತ್ರ ಹಿಡಿಯುತ್ತಾರೆ. ದರ ಬಜೆಟ್‌ನಲ್ಲಿ ಬದಲಾಗುತ್ತಿರುತ್ತದೆ, ಕಳಿಸುವ ಮೊದಲು ಬ್ಯಾಂಕಿನಲ್ಲಿ ಕೇಳಿ. ಈ ಮಿತಿ ಕಳಿಸುವವರ ಪ್ಯಾನ್ ಮೇಲೆ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಹಣ ಮನೆಯವರ ಖಾತೆಯಲ್ಲಿದ್ದರೆ ಅವರ ಖಾತೆಯಿಂದಲೇ ಕಳಿಸಬಹುದು. ಹಿಡಿದ ದುಡ್ಡು ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಅದು ಖರ್ಚಲ್ಲ, ಕೆಲವು ತಿಂಗಳು ಸಿಕ್ಕಿಬಿದ್ದ ದುಡ್ಡು.

ನಿಮ್ಮ ವಿಷಯದಲ್ಲಿ ದುಡ್ಡು ಬರುವ ಕಾಲವನ್ನೂ ನೋಡಬೇಕು. ತೊಗರಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಹೋಗಿ ಕೈಗೆ ದುಡ್ಡು ಬರೋದು ಜನವರಿ, ಫೆಬ್ರವರಿಗೆ. ಸ್ಟುಟ್‌ಗಾರ್ಟ್‌ನ ಬ್ಲಾಕ್ಡ್ ಅಕೌಂಟಿಗೆ 12.5 ಲಕ್ಷ ಬೇಕಾಗೋದು ಅದೇ ವರ್ಷ ವೀಸಾ ಅರ್ಜಿಗೆ ಮುಂಚೆ, ಒಂದೇ ಗಂಟಿನಲ್ಲಿ. ಅಕ್ಟೋಬರ್ ಕ್ಲಾಸಿಗೆ ಅಂದರೆ ಬೇಸಿಗೆಯಲ್ಲೇ. ಎರಡನೇ ವರ್ಷ ಪರವಾನಗಿ ನವೀಕರಿಸುವಾಗ ಮತ್ತೆ ಹಣ ತೋರಿಸಬೇಕು, ಅದೂ ರಾಶಿಯ ಕಾಲಕ್ಕೆ ಕೂಡಿಬರೋದಿಲ್ಲ. ಇಂಗ್ಲೆಂಡಿನ ಬಹಳಷ್ಟು ಕಡೆ ಸೆಪ್ಟೆಂಬರ್‌ನಲ್ಲಿ ಅರ್ಧ ಫೀ, ಉಳಿದದ್ದು ಹೊಸ ವರ್ಷದ ಶುರುವಿನಲ್ಲಿ. ನಿಮ್ಮ ಪ್ರವೇಶ ಪತ್ರದಲ್ಲೂ ಹಾಗೇ ಇದ್ದರೆ ಎರಡನೇ ಕಂತಿನ ಹೊತ್ತಿಗೆ ತೊಗರಿ ದುಡ್ಡು ಸ್ವಲ್ಪ ನೆರವಾಗುತ್ತದೆ, ಅಷ್ಟು ಸಾಲ ಕಮ್ಮಿ ಎತ್ತಬಹುದು. ಇಂಗ್ಲೆಂಡಿನ ವೀಸಾಕ್ಕೆ ಹಣ ತೋರಿಸುವಾಗ ಸ್ವಂತ ದುಡ್ಡಾದರೆ ಖಾತೆಯಲ್ಲಿ ಸತತ 28 ದಿನ ಆ ಮೊತ್ತಕ್ಕಿಂತ ಕೆಳಗೆ ಇಳಿಯಬಾರದು. ಒಂದು ದಿನ ಇಳಿದರೂ ಎಣಿಕೆ ಮೊದಲಿನಿಂದ ಶುರು.

ಇದೇ ಹಾಳೆಯಲ್ಲಿ ಬೇರೆ ದೇಶ ಹಾಕಿ ನೋಡುವುದಾದರೆ ಒಂದು ಎಚ್ಚರಿಕೆ. ಅಮೆರಿಕದ ವಿಶ್ವವಿದ್ಯಾಲಯ ವೀಸಾಕ್ಕೆ ಅಂತ ಕೊಡುವ ಐ-20 ಪತ್ರದಲ್ಲಿ ಬರೆದ ‘ವರ್ಷದ ಖರ್ಚು’ ಎಷ್ಟೋ ಸಲ 9 ತಿಂಗಳ ಶೈಕ್ಷಣಿಕ ವರ್ಷದ್ದು. ಬೇಸಿಗೆಯ ಬಾಡಿಗೆ ಅದರಲ್ಲಿ ಇರೋದಿಲ್ಲ. ಅಲ್ಲಿ ಫೀ ಸಹ ಎರಡನೇ ವರ್ಷ ಏರಬಹುದು. ಎಷ್ಟು ತಿಂಗಳಿಗೆ ಅಂತ ಆ ಪತ್ರದಲ್ಲೇ ಬರೆದಿರುತ್ತದೆ, ಮೊದಲು ಅದನ್ನು ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ವಿಭಾಗದವರು ಮತ್ತು ಸೀನಿಯರ್‌ಗಳು ನಾಲ್ಕು ಸೆಮಿಸ್ಟರಿಗೆ ಮುಗಿಯುತ್ತದೆ ಅಂದರೆ, ಮಗಳು ಹೋಗುವ ಮೊದಲೇ ಜರ್ಮನ್ ಕಲಿಯಲು ಶುರು ಮಾಡಿದರೆ, ಸ್ಟುಟ್‌ಗಾರ್ಟ್ ಒಳ್ಳೆಯದು. ಆರು ಲಕ್ಷ ಉಳಿಯೋದರ ಜೊತೆಗೆ ಕೆಲಸ ಹಿಡಿಯೋದಕ್ಕೆ ಹೆಚ್ಚು ಸಮಯ ಸಿಗುತ್ತದೆ. ಐದನೇ ಸೆಮಿಸ್ಟರ್ ಮಾಮೂಲಿ ಅಂತ ಅವರು ಹೇಳಿದರೆ, ಹಣದ ಲೆಕ್ಕದಲ್ಲಿ ಲೆಸ್ಟರ್ ಬಿಡೋದಕ್ಕೆ ಕಾರಣ ಉಳಿಯೋದಿಲ್ಲ. ಯಾವುದಕ್ಕೇ ಹೋದರೂ ಸಾಲ ಮಂಜೂರು ಮಾಡಿಸುವಾಗ ಒಟ್ಟಿಗೆ ನೂರಕ್ಕೆ 10 ಸೇರಿಸಿ ಕೇಳಿ. ಮಂಜೂರಾದ ಸಾಲದಲ್ಲಿ ಎತ್ತದ ಹಣಕ್ಕೆ ಬಡ್ಡಿ ಬೀಳೋದಿಲ್ಲ. ಅವಳು ಅಲ್ಲಿರುವಾಗ ನಡುವೆ ಸಾಲ ಹೆಚ್ಚಿಸಬೇಕಾದರೆ ಮತ್ತೆ ಹೊಲದ ಕಾಗದ, ಜಾಮೀನು, ವ್ಯಾಲ್ಯುಯೇಶನ್ ಎಲ್ಲಾ ಮೊದಲಿನಿಂದ ಆಗಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿ ಬಾಡಿಗೆ ಕಾಯೋದಿಲ್ಲ.